ಸ್ಪ್ಯಾನರ್ ಲೈಟು ಬೇರೆ, ಇಂಜಿನ್ ಲೈಟು ಬೇರೆ

ಕಡೂರು ಇನ್ನೂ ನಾಲ್ಕೈದು ಕಿಲೋಮೀಟರ್ ಇದೆ ಅನ್ನುವಾಗ ನಮ್ಮ ಭಾವ ಫೋನ್ ಮಾಡಿದರು. ತುಮಕೂರಿನಿಂದ ಶಿವಮೊಗ್ಗಕ್ಕೆ ಹೊರಟಿದ್ದರು. ಗಾಡಿಯಲ್ಲಿ ಅಕ್ಕ, ಮಕ್ಕಳು ಎಲ್ಲ ಇದ್ದರು.

"ಏನಿಲ್ಲ ಕಣೋ, ಅದೇ ಸರ್ವೀಸ್ ಲೈಟು. ವಾಪಸ್ ಬಂದಮೇಲೆ ನೋಡ್ಕೊಂಡ್ರಾಯ್ತು ಅಲ್ವಾ?"

"ಚಿತ್ರ ಯಾವುದು ಭಾವ? ಸ್ಪ್ಯಾನರಾ?"

"ಸ್ಪ್ಯಾನರ್ ಎರಡು ವಾರದಿಂದ ಇದ್ದೇ ಇದೆ. ಇವತ್ತು ಅದರ ಜೊತೆ ಇನ್ನೊಂದು ಬಂದಿದೆ. ತೋಟದ ಪಂಪ್‌ಸೆಟ್ ಥರ ಇದೆ ನೋಡು."

"ಬರೀ ಉರೀತಿದೆಯಾ, ಮಿಣುಕ್ತಿದೆಯಾ?"

"ಈಗ ಸುಮ್ನೆ ಉರೀತಿದೆ. ಆಗ್ಲೇ ಲಾರಿ ಓವರ್‌ಟೇಕ್ ಮಾಡುವಾಗ ಮಿಣುಕ್ತಿತ್ತು. ಗಾಡಿನೂ ಸ್ವಲ್ಪ ಜರ್ಕ್ ಹೊಡೀತು."

"ಹಾಗಾದ್ರೆ ಶಿವಮೊಗ್ಗ ಬೇಡ ಭಾವ. ಆಕ್ಸಿಲರೇಟರ್ ಜಾಸ್ತಿ ಒತ್ತಬೇಡಿ. ನಿಧಾನಕ್ಕೆ ಕಡೂರಿಗೆ ಹೋಗಿ, ಸ್ಕ್ಯಾನರ್ ಇರೋ ಗ್ಯಾರೇಜ್ ಹುಡುಕಿ."

ನಾನು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೂರುವವನು. ಎರಡೂ ಲೈಟು ಒಂದೇ ಅಂದುಕೊಂಡವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ತಪ್ಪು ಅವರದ್ದೂ ಅಲ್ಲ. ಎರಡೂ ಹಳದಿ, ಎರಡೂ ರಿಪೇರಿಗೆ ಸಂಬಂಧಪಟ್ಟ ಹಾಗೇ ಕಾಣುತ್ತವೆ. ಆದರೆ ಹುಟ್ಟಿನಿಂದಲೇ ಇವೆರಡೂ ಬೇರೆ. ಇಂಜಿನ್ ಚಿತ್ರದ ಲೈಟಿಗೆ ಯಜಮಾನ ಕಾನೂನು. ಸ್ಪ್ಯಾನರ್ ಲೈಟಿಗೆ ಯಜಮಾನ ಆ ಗಾಡಿ ಮಾಡಿದ ಕಂಪನಿ. ಇಷ್ಟು ಗೊತ್ತಾದರೆ ಉಳಿದ ಗೊಂದಲದ ಮುಕ್ಕಾಲು ಪಾಲು ಹೋಗುತ್ತದೆ.

ಮೊದಲು ಭಾವನ ಸ್ಪ್ಯಾನರ್ ಲೆಕ್ಕ ನೋಡೋಣ. ಅವರ ಕಾರಿಗೆ 10,000 ಕಿ.ಮೀ. ಅಥವಾ 1 ವರ್ಷಕ್ಕೊಮ್ಮೆ ಸರ್ವೀಸ್, ಯಾವುದು ಮೊದಲೋ ಅದು. ಕೊನೆಯ ಸಲ ಕಂಪನಿ ಸರ್ವೀಸ್ ಆಗಿದ್ದು ಮೀಟರು 41,200 ಇದ್ದಾಗ. ಅಲ್ಲಿಯವರು ಕೆಲಸ ಮುಗಿಸಿ ಲೆಕ್ಕವನ್ನು ರೀಸೆಟ್ ಮಾಡಿದ್ದರು. ಅಂದರೆ ಮುಂದಿನ ಸರ್ವೀಸ್ 51,200ಕ್ಕೆ. ಈ ಗಾಡಿ 1,000 ಕಿ.ಮೀ. ಮೊದಲೇ ನೆನಪು ಮಾಡಲು ಶುರು ಮಾಡುತ್ತದೆ. ಹಾಗಾಗಿ 50,200 ದಾಟಿದ ದಿನದಿಂದ ಕೀ ತಿರುಗಿಸಿದಾಗಲೆಲ್ಲ ಒಂದು ಸ್ಪ್ಯಾನರ್ ಬರುತ್ತಿತ್ತು. ಕಡೂರಿನ ಹತ್ತಿರ ಮೀಟರು 50,780 ತೋರಿಸುತ್ತಿತ್ತು, ಪರದೆಯಲ್ಲಿ `Service in 420 km` ಅಂತಿತ್ತು. ಲೆಕ್ಕ ಸರಿಯಾಗೇ ಇದೆ.

ಆದರೆ ನಡುವೆ ಒಂದು ಕಥೆ ಇದೆ. ವಾರಂಟಿ ಮುಗಿದಿತ್ತು. ಹಾಗಾಗಿ 48,600ರಲ್ಲಿ ಭಾವ ಮನೆ ಹತ್ತಿರದ ಮೆಕ್ಯಾನಿಕ್ ಕೈಲಿ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಎಲ್ಲ ಹಾಕಿಸಿದ್ದರು. ಆಯಿಲ್ ನಾನೇ ಕೊಟ್ಟಿದ್ದು. ಮೆಕ್ಯಾನಿಕ್ ಕೆಲಸ ಚೆನ್ನಾಗಿ ಮಾಡಿದ, ಮೀಟರಿನ ಲೆಕ್ಕ ಮಾತ್ರ ರೀಸೆಟ್ ಮಾಡಲಿಲ್ಲ. ಹಾಗಾಗಿ ಕಡೂರಿನಲ್ಲಿ ಸ್ಪ್ಯಾನರ್ ಸರ್ವೀಸ್ ಕೇಳುತ್ತಿದ್ದಾಗ ಇಂಜಿನ್ನಿನಲ್ಲಿದ್ದ ಆಯಿಲ್ ಓಡಿದ್ದು ಬರೀ 2,180 ಕಿ.ಮೀ.

ಇಲ್ಲೇ ನೋಡಿ ಸ್ಪ್ಯಾನರಿನ ಸ್ವಭಾವ ಗೊತ್ತಾಗುವುದು. ಅದು ಆಯಿಲನ್ನು ನೋಡುತ್ತಿಲ್ಲ. ಮೀಟರ್ ಬೋರ್ಡಿನೊಳಗೆ ಕೂತು ಕಿಲೋಮೀಟರ್ ಮತ್ತು ದಿನ ಎಣಿಸುತ್ತಿದೆ, ಅಷ್ಟೇ. ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ಹಾಗೆ. ಕೆಲವು ಗಾಡಿಗಳಲ್ಲಿ ಲೆಕ್ಕ ಇನ್ನೊಂಚೂರು ಜಾಣತನದ್ದು. ಇಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಾಯಿತು ಅನ್ನುವುದನ್ನೂ ಸೇರಿಸಿಕೊಂಡು ಆಯಿಲಿನ ಆಯುಸ್ಸು ಶೇಕಡಾ ಇಷ್ಟು ಉಳಿದಿದೆ ಅಂತ ತೋರಿಸುತ್ತವೆ. ಹೋಂಡಾದವರು ಹೊರದೇಶಗಳಲ್ಲಿ ಮಾರುವ ಕಾರುಗಳಲ್ಲಿ ಶೇಕಡಾ 15ಕ್ಕೆ ಇಳಿದಾಗ ಸ್ಪ್ಯಾನರ್ ಬರುತ್ತದೆ. ಆದರೆ ಅದೂ ಅಂದಾಜೇ. ಡಬ್ಬಿಯಲ್ಲಿದ್ದ ಆಯಿಲ್ ಯಾವ ಗ್ರೇಡು, ಸೋರಿ ಅರ್ಧ ಖಾಲಿಯಾಗಿದೆಯಾ ಅನ್ನುವುದು ಆ ಲೆಕ್ಕಕ್ಕೆ ಗೊತ್ತಿಲ್ಲ. ಸ್ಪ್ಯಾನರ್ ಬಂದಿಲ್ಲ ಅಂದ ಮಾತ್ರಕ್ಕೆ ಆಯಿಲ್ ಇದೆ ಅಂತಲ್ಲ. ಅದಕ್ಕೆ ಡಿಪ್‌ಸ್ಟಿಕ್ ಎಳೆದೇ ನೋಡಬೇಕು. ಆಯಿಲ್ ಪ್ರೆಷರ್ ಬಿದ್ದರೆ ಬರುವ ಕೆಂಪು ದೀಪ ಬೇರೆಯೇ ಇದೆ, ಹನಿ ಬೀಳುವ ಎಣ್ಣೆ ಗಿಂಡಿಯ ಚಿತ್ರ. ಅದು ಬಂದರೆ ಆ ಕ್ಷಣವೇ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಬೇಕು. ಅದರ ಮಾತು ಇಲ್ಲಿಗೆ ಸಾಕು.

ಈಗ ಪಂಪ್‌ಸೆಟ್‌ಗೆ ಬರೋಣ. ಭಾವ ಹೇಳಿದ ಆ ಚಿತ್ರ ಪಕ್ಕದಿಂದ ನೋಡಿದ ಇಂಜಿನ್ನಿನ ಗೆರೆಚಿತ್ರ. ಚೆಕ್ ಇಂಜಿನ್ ಲೈಟ್ ಅಂತ ಎಲ್ಲರೂ ಕರೆಯುತ್ತೇವೆ. ಹೆಸರು ಕೇಳಿದರೆ ಇಂಜಿನ್ನಿನ ಆರೋಗ್ಯ ಕಾಯುವ ದೀಪ ಅನಿಸುತ್ತದೆ. ನಿಜ ಹೇಳಬೇಕೆಂದರೆ ಅದನ್ನು ಇಟ್ಟಿದ್ದು ನಿಮ್ಮ ಇಂಜಿನ್ನಿಗೋಸ್ಕರ ಅಲ್ಲ, ಊರವರು ಉಸಿರಾಡುವ ಗಾಳಿಗೋಸ್ಕರ. ಹೊಗೆ ಮಿತಿ ಮೀರುವಂಥ ದೋಷ ಬಂದರೆ ಗಾಡಿಯೇ ಅದನ್ನು ಕಂಡುಹಿಡಿದು ಓಡಿಸುವವನಿಗೆ ಹೇಳಬೇಕು ಅನ್ನುವ ನಿಯಮ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೂ ಒಬಿಡಿ-2 ಅನ್ನುವ ಒಂದೇ ಪದ್ಧತಿ ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್-4 ಕಾರುಗಳಿಗೆ 2010ರ ಏಪ್ರಿಲ್‌ನಲ್ಲಿ ಮೊದಲ ಹಂತ, 2013ರ ಏಪ್ರಿಲ್‌ನಲ್ಲಿ ಎರಡನೇ ಹಂತ ಬಂತು. ಈಗ ಬೈಕು ಸ್ಕೂಟರುಗಳಲ್ಲೂ ಅದೇ ಪಂಪ್‌ಸೆಟ್ ಚಿತ್ರ ಕಾಣುವುದು ಇದೇ ಕಾರಣಕ್ಕೆ.

ಈ ದೀಪ ಹೇಗಿರಬೇಕು ಅಂತಲೂ ನಿಯಮದಲ್ಲೇ ಬರೆದಿದ್ದಾರೆ. ಯುರೋಪಿನ ನಿಯಮ ನೋಡಿದರೆ ಎರಡು ಸಾಲು ಸ್ವಾರಸ್ಯವಾಗಿವೆ. ಈ ದೀಪವನ್ನು ಬೇರೆ ಕೆಲಸಕ್ಕೆ ಬಳಸುವ ಹಾಗಿಲ್ಲ. ತುರ್ತಾಗಿ ಸ್ಟಾರ್ಟ್ ಆಗಿದೆ, ಅಥವಾ ಗಾಡಿ ಕುಂಟುತ್ತಾ ಮನೆ ಸೇರುವ ಸ್ಥಿತಿಗೆ ಹೋಗಿದೆ ಅಂತ ಹೇಳುವುದಕ್ಕೆ ಮಾತ್ರ ವಿನಾಯಿತಿ. ಇನ್ನೊಂದು, ಈ ದೀಪ ಕೆಂಪು ಬಣ್ಣದ್ದಾಗಿರಬಾರದು. ಹಾಗಾಗಿ ಎಷ್ಟೇ ದೊಡ್ಡ ದೋಷ ಇದ್ದರೂ ಅದು ಹಳದಿಯಾಗೇ ಉರಿಯುತ್ತದೆ. ಕೆಂಪಾಗಲು ಅನುಮತಿ ಇಲ್ಲದ್ದರಿಂದ ಅದು ತನ್ನ ಅವಸರವನ್ನು ಮಿಣುಕಿ ಹೇಳುತ್ತದೆ.

ಭಾವನಿಗೆ ನಾನು ಮಿಣುಕ್ತಿದೆಯಾ ಅಂತ ಕೇಳಿದ್ದು ಅದಕ್ಕೇ. ಸುಮ್ಮನೆ ಉರಿಯುವ ಇಂಜಿನ್ ಲೈಟು ಅಂದರೆ ಯಾವುದೋ ದೋಷ ಕಂಡಿದೆ, ಬರೆದಿಟ್ಟುಕೊಂಡಿದೆ, ಬೇಗ ತೋರಿಸಿ ಅಂತ. ಪೆಟ್ರೋಲ್ ಕಾರು ಓಡುತ್ತಿರುವಾಗ ಮಿಣುಕುವ ಲೈಟಿಗೆ ಸಾಮಾನ್ಯವಾಗಿ ಅರ್ಥ ಒಂದೇ: ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ, ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಈಗಲೇ ಹಾಳಾಗುವ ಹಂತದಲ್ಲಿದೆ. ಗ್ಯಾರೇಜಿನಲ್ಲಿ ಇದಕ್ಕೆ ಮಿಸ್ಸಿಂಗ್ ಅಂತಾರೆ.

ಗಾಡಿಗೆ ಇದು ಹೇಗೆ ಗೊತ್ತಾಗುತ್ತದೆ ಅನ್ನುವುದು ನನಗಂತೂ ಇವತ್ತಿಗೂ ಸೋಜಿಗ. ಕ್ರ್ಯಾಂಕ್‌ಶಾಫ್ಟಿನ ಜೊತೆ ಒಂದು ಹಲ್ಲಿನ ಚಕ್ರ ತಿರುಗುತ್ತಿರುತ್ತದೆ. ಅದರ ಎದುರು ಒಂದು ಸೆನ್ಸರ್ ಕೂತು ಒಂದು ಹಲ್ಲು ಹೋಗಿ ಇನ್ನೊಂದು ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ 3,000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ 100 ಸಲ ಪೆಟ್ರೋಲು ಹೊತ್ತುತ್ತದೆ. ಒಂದೊಂದು ಸಿಲಿಂಡರಿನ ಪಾಲಿಗೆ 25. ಪ್ರತಿ ಸಲ ಹೊತ್ತಿದಾಗಲೂ ಚಕ್ರಕ್ಕೆ ಒಂದು ನೂಕು ಸಿಗುತ್ತದೆ. ಒಂದು ನೂಕು ತಪ್ಪಿದರೆ ಆ ಹೊತ್ತಿಗೆ ಬರಬೇಕಾದ ಹಲ್ಲು ಕೂದಲೆಳೆಯಷ್ಟು ತಡವಾಗುತ್ತದೆ. ಯಾವ ಹಲ್ಲು ತಡವಾಯಿತು ಅನ್ನುವುದರ ಮೇಲೆ ಯಾವ ಸಿಲಿಂಡರ್ ತಪ್ಪಿತು ಅನ್ನುವುದನ್ನೂ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಹೇಳಿಬಿಡುತ್ತದೆ. ಕೂತವರಿಗೆ ಆ ನಡುಕ ಗೊತ್ತಾಗದಿರಬಹುದು, ಅದಕ್ಕೆ ಗೊತ್ತಾಗುತ್ತದೆ.

ಹೊತ್ತದ ಪೆಟ್ರೋಲು ಎಲ್ಲಿಗೆ ಹೋಗಬೇಕು? ಹಾಗೇ ಹೊಗೆಯ ದಾರಿಗೆ ಹೋಗುತ್ತದೆ. ಅಲ್ಲಿ ಕನ್ವರ್ಟರ್ ಆಗಲೇ ಕೆಂಡದಂತೆ ಕಾದಿರುತ್ತದೆ. ಅದರೊಳಗೆ ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ಹಸಿ ಪೆಟ್ರೋಲು ಅಲ್ಲಿ ಹೊತ್ತಿಕೊಂಡರೆ ಆ ಗೂಡು ಕರಗಿ ಮುಚ್ಚಿಹೋಗಬಹುದು. ಕನ್ವರ್ಟರಿನ ಬೆಲೆ ಕೇಳಿದವರು ಮತ್ತೆ ಮಿಣುಕುವ ಲೈಟನ್ನು ಕಡೆಗಣಿಸುವುದಿಲ್ಲ. ಆದ್ದರಿಂದ ಮಿಣುಕಲು ಶುರುವಾದರೆ ಮಾಡಬೇಕಾದ್ದು ಒಂದೇ, ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು. ಇಂಜಿನ್ ಮೇಲಿನ ಭಾರ ಇಳಿದ ಕೂಡಲೇ ಮಿಣುಕುವುದು ನಿಂತು ಬರೀ ಉರಿಯುತ್ತಿದ್ದರೆ ಹತ್ತಿರದ ಗ್ಯಾರೇಜಿನವರೆಗೆ ನಿಧಾನಕ್ಕೆ ಹೋಗಬಹುದು. ಆಗಲೂ ಮಿಣುಕುತ್ತಿದ್ದರೆ ನಿಲ್ಲಿಸಿ ಟೋ ಮಾಡಿಸುವುದೇ ಲೇಸು.

ಕಡೂರಿನ ಗ್ಯಾರೇಜಿನಲ್ಲಿ ಸ್ಕ್ಯಾನರ್ ಇತ್ತು. ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಅದಕ್ಕೆ ಸಿಕ್ಕಿಸಿದರು. ಕೋಡ್ ಬಂತು: `P0303`. ಕೊನೆಯ ಅಂಕಿ ಸಿಲಿಂಡರ್ ಸಂಖ್ಯೆ. ಮೂರನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಅಳಿಸುವ ಮೊದಲು ಫೋಟೋ ತೆಗೆದು ಕಳಿಸಿ ಅಂತ ಭಾವನಿಗೆ ಹೇಳಿದೆ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ದೋಷ ಕಂಡ ಕ್ಷಣದಲ್ಲಿ ಸ್ಪೀಡೆಷ್ಟಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು, ಭಾರ ಎಷ್ಟು ಬಿದ್ದಿತ್ತು ಅನ್ನುವುದನ್ನು ಇಸಿಯು ಒಂದು ಫೋಟೋದ ಹಾಗೆ ಹಿಡಿದಿಟ್ಟಿರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿ "ಲೈಟ್ ಹೋಯ್ತು ಸರ್" ಅನ್ನುವವರೂ ಇದ್ದಾರೆ. ಲೈಟು ಹೋಗುತ್ತದೆ, ಸಾಕ್ಷಿಯೂ ಜೊತೆಗೇ ಹೋಗುತ್ತದೆ. ದೋಷ ಮಾತ್ರ ಇದ್ದಲ್ಲೇ ಇರುತ್ತದೆ.

ಭಾವನ ಗಾಡಿಯ ದಾಖಲೆಯಲ್ಲಿ ಭಾರ ಜಾಸ್ತಿ ಇತ್ತು. ಓವರ್‌ಟೇಕ್ ಮಾಡುವಾಗಲೇ ಜರ್ಕ್ ಬಂದಿದ್ದು ಅನ್ನುವ ಮಾತಿಗೆ ಅದು ಹೊಂದುತ್ತಿತ್ತು. ಕಾಲು ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಆ ವೋಲ್ಟೇಜ್ ಕೊಡುವ ಕಾಯಿಲ್ ಸುಸ್ತಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ನಿಂತಲ್ಲಿ ಗಡಿಯಾರದ ಹಾಗೆ ಓಡುವ ಗಾಡಿ ಏರಿನಲ್ಲಿ ಮಿಸ್ ಹೊಡೆಯುತ್ತದೆ.

ಆದರೆ ಕೋಡ್ ಹೇಳಿದ್ದು ಮೂರನೇ ಸಿಲಿಂಡರ್ ಅಂತ ಮಾತ್ರ, ಕಾಯಿಲ್ ಅಂತ ಅಲ್ಲ. ಪ್ಲಗ್ ಇರಬಹುದು, ಇಂಜೆಕ್ಟರ್ ಇರಬಹುದು. ಗ್ಯಾರೇಜಿನ ಹುಡುಗ ಜಾಣ. ಮೂರನೆಯದರ ಕಾಯಿಲ್ ಬಿಚ್ಚಿ ಎರಡನೆಯದಕ್ಕೆ ಹಾಕಿದ, ಎರಡನೆಯದನ್ನು ಮೂರಕ್ಕೆ ಹಾಕಿದ. ಕೋಡ್ ಅಳಿಸಿ, ಹೈವೇಯಲ್ಲಿ ಒಂದು ಸುತ್ತು ಜೋರಾಗಿ ಓಡಿಸಿದ. ಮತ್ತೆ ಜರ್ಕ್, ಮತ್ತೆ ಲೈಟು. ಈ ಸಲದ ಕೋಡ್ `P0302`. ದೋಷ ಕಾಯಿಲ್ ಜೊತೆಗೇ ಜಾಗ ಬದಲಿಸಿತ್ತು. ಕೋಡ್ ಮೂರರಲ್ಲೇ ಉಳಿದಿದ್ದರೆ ಪ್ಲಗ್ ಬಿಚ್ಚಿ ನೋಡುವ ಸರದಿ ಬರುತ್ತಿತ್ತು. ಹೊಸ ಕಾಯಿಲ್ ತರಿಸಿ ಹಾಕಿದರು, ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು.

ಎಲ್ಲ ಮಿಸ್ಸಿಂಗೂ ಹೀಗೆ ಕೂಡಲೇ ಲೈಟು ಹಚ್ಚುವುದಿಲ್ಲ. ಕನ್ವರ್ಟರನ್ನು ಸುಡುವಷ್ಟು ಇದ್ದರೆ ಆಗಲೇ ಮಿಣುಕುತ್ತದೆ. ಉಳಿದ ಬಹುತೇಕ ದೋಷಗಳನ್ನು ಇಸಿಯು ಎರಡು ಓಟಗಳಲ್ಲಿ ಸತತವಾಗಿ ಕಂಡರೆ ಮಾತ್ರ ಲೈಟು ಹಚ್ಚುತ್ತದೆ. ಸುಳ್ಳು ಗಾಬರಿ ಬೇಡ ಅಂತ ಈ ಏರ್ಪಾಡು. ದೋಷ ತಾನಾಗೇ ಹೋದರೂ ಹಾಗೇ, ಸಾಮಾನ್ಯವಾಗಿ ಮೂರು ಓಟ ಸರಿಯಾಗಿ ಆದಮೇಲೆ ಲೈಟು ತಾನೇ ಆರುತ್ತದೆ. "ನಿನ್ನೆ ಇತ್ತು, ಇವತ್ತು ಇಲ್ಲ" ಅನ್ನುವವರ ಗಾಡಿಯಲ್ಲೂ ಕೋಡ್ ಕೆಲವು ವಾರ ಉಳಿದಿರುತ್ತದೆ. ಅಂದಹಾಗೆ, ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗುವ ಸಲಹೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ ಅನ್ನುವುದು. ಅದು ಅಮೆರಿಕದ ಕಾರುಗಳ ಸಲಹೆ. ಅಲ್ಲಿ ಟ್ಯಾಂಕಿನಿಂದ ಪೆಟ್ರೋಲ್ ಆವಿ ಸೋರುತ್ತಿದೆಯಾ ಅಂತ ಗಾಡಿಯೇ ಪರೀಕ್ಷೆ ಮಾಡಬೇಕು. ನಮ್ಮಲ್ಲಿನ ಹೆಚ್ಚಿನ ಕಾರುಗಳಲ್ಲಿ ಆ ಪರೀಕ್ಷೆಯೇ ಇಲ್ಲ. ಮುಚ್ಚಳ ಬಿಗಿ ಮಾಡಿ ತಪ್ಪೇನಿಲ್ಲ, ಲೈಟು ಆರಲಿ ಅಂತ ಕಾಯಬೇಡಿ.

ಇಷ್ಟು ಹೊತ್ತು ಸ್ಪ್ಯಾನರನ್ನು ಕ್ಯಾಲೆಂಡರ್ ಅಂದೆ. ಈಗ ಆ ಮಾತಿಗೆ ಒಂದು ಕೊಕ್ಕೆ ಹಾಕಲೇಬೇಕು. ಇಂಜಿನ್ ಲೈಟಿಗೆ ಕಾನೂನಿನ ಕಟ್ಟು ಇರುವುದರಿಂದ ಯಾವ ಕಂಪನಿಯ ಗಾಡಿಯಲ್ಲಾದರೂ ಅದರ ಅರ್ಥ ಒಂದೇ. ಸ್ಪ್ಯಾನರಿಗೆ ಆ ಕಟ್ಟಿಲ್ಲ. ಹ್ಯುಂಡೈ, ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ಅದು ಸರ್ವೀಸ್ ನೆನಪು. ಫೋರ್ಡ್ ಗಾಡಿಯಲ್ಲಿ ಉರಿಯುವ ಹಳದಿ ಸ್ಪ್ಯಾನರ್ ಹಾಗಲ್ಲ. ಅಲ್ಲಿ ಅದಕ್ಕೆ ಅರ್ಥ, ಇಂಜಿನ್ ಅಥವಾ ಗೇರ್‌ಬಾಕ್ಸಿನ ಕಂಟ್ರೋಲಿನಲ್ಲಿ ದೋಷ ಇದೆ ಅಂತ. ಷೆವರ್ಲೆ ಕಾರುಗಳಲ್ಲಿ ಕಾರಿನ ಚಿತ್ರದ ಮೇಲೇ ಸ್ಪ್ಯಾನರ್ ಇಟ್ಟ ಇನ್ನೊಂದು ದೀಪ ಇರುತ್ತದೆ. ಅದೂ ದೋಷದ್ದೇ, ಸರ್ವೀಸ್ ತಾರೀಖಿನದ್ದಲ್ಲ.

ಫೋರ್ಡ್ ಥರದ ಸ್ಪ್ಯಾನರ್ ಬರುವ ಒಂದು ಮುಖ್ಯ ಕಾರಣ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಥ್ರಾಟಲ್. ಈಗಿನ ಗಾಡಿಗಳಲ್ಲಿ ಆಕ್ಸಿಲರೇಟರಿನಿಂದ ಇಂಜಿನ್ನಿಗೆ ಕೇಬಲ್ ಇಲ್ಲ. ಪೆಡಲಿನಲ್ಲಿ ಎರಡು ಸೆನ್ಸರ್, ಥ್ರಾಟಲ್ ಬಾಡಿಯಲ್ಲಿ ಎರಡು ಸೆನ್ಸರ್. ಎರಡೆರಡು ಯಾಕೆ ಅಂದರೆ ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಬೇಕು. ಎರಡರ ಮಾತೂ ತಾಳೆಯಾಗದಿದ್ದರೆ, ಅಥವಾ ಥ್ರಾಟಲ್ ಹೇಳಿದಷ್ಟು ತೆರೆಯದಿದ್ದರೆ, ಇಸಿಯು ಕಾಲಿನ ಮಾತನ್ನು ನಂಬುವುದನ್ನೇ ನಿಲ್ಲಿಸುತ್ತದೆ. ಪವರ್ ಕಡಿಮೆ ಮಾಡಿ ಗಾಡಿಯನ್ನು ಕುಂಟುವ ಸ್ಥಿತಿಗೆ ತರುತ್ತದೆ. ಎಷ್ಟು ಒತ್ತಿದರೂ ಪಿಕಪ್ ಇರುವುದಿಲ್ಲ. ಹೈವೇಯ ಬಲ ಲೇನಿನಲ್ಲಿ ಹೀಗಾದರೆ ಹಿಂದೆ ಬರುವ ಬಸ್ಸಿನವನಿಗೆ ಏನು ಗೊತ್ತು? ಇಂಡಿಕೇಟರ್ ಹಾಕಿ ಎಡಕ್ಕೆ ಬರುವುದು ಮೊದಲು, ಉಳಿದ ಯೋಚನೆ ಆಮೇಲೆ.

ಷೆವರ್ಲೆ ಇಲ್ಲಿ ಮಾರಾಟ ನಿಲ್ಲಿಸಿದ್ದು 2017ರ ಕೊನೆಯಲ್ಲಿ, ಫೋರ್ಡ್ ಕಾರ್ಖಾನೆ ಮುಚ್ಚುವುದಾಗಿ ಹೇಳಿದ್ದು 2021ರಲ್ಲಿ. ಆ ಗಾಡಿಗಳು ಈಗ ಸೆಕೆಂಡ್ ಹ್ಯಾಂಡಿನಲ್ಲಿ ಕೈ ಬದಲಿಸುತ್ತಿವೆ. ಮಾರುವಾಗ ಎರಡನೇ ಕೀ, ಓನರ್ಸ್ ಮ್ಯಾನ್ಯುಯಲ್ ಎರಡೂ ಕಳೆದುಹೋಗಿರುವುದೇ ಜಾಸ್ತಿ. ಹಿಂದಿನ ಕಾರಿನಲ್ಲಿ ಸ್ಪ್ಯಾನರ್ ಅಂದರೆ ಆಯಿಲ್ ಬದಲಿಸುವ ನೆನಪು ಅಂತ ಕಲಿತವರು ಇಲ್ಲೂ ಹಾಗೇ ಅಂದುಕೊಂಡು ಓಡಿಸುತ್ತಾರೆ. ಮ್ಯಾನ್ಯುಯಲ್ ಪಿಡಿಎಫ್ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ದೀಪಗಳ ಪುಟ ಒಂದನ್ನಾದರೂ ಫೋನಿನಲ್ಲಿ ಇಟ್ಟುಕೊಳ್ಳಿ.

ಮ್ಯಾನ್ಯುಯಲ್ ಇಲ್ಲದಿದ್ದರೂ ನಿಮ್ಮ ಸ್ಪ್ಯಾನರ್ ಯಾವ ಜಾತಿಯದ್ದು ಅಂತ ಪತ್ತೆ ಮಾಡಬಹುದು. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಇಂಜಿನ್ ಲೈಟು ಆಗ ಉರಿಯಲೇಬೇಕು, ಬಲ್ಬು ಸರಿ ಇದೆ ಅಂತ ತೋರಿಸುವುದಕ್ಕೆ. ಸ್ಟಾರ್ಟ್ ಮಾಡಿದ ಮೇಲೆ ಆರಬೇಕು. ಹಳೇ ಗಾಡಿ ಕೊಳ್ಳುವಾಗ ಇದನ್ನು ತಪ್ಪದೇ ನೋಡಿ, ಕೀ ಆನ್ ಮಾಡಿದಾಗಲೂ ಅದು ಬರದಿದ್ದರೆ ಯಾರೋ ಅದರ ಬಾಯಿ ಮುಚ್ಚಿಸಿರಬಹುದು. ನೆನಪು ಮಾಡುವ ಸ್ಪ್ಯಾನರ್ ಸಾಮಾನ್ಯವಾಗಿ ಕಿಲೋಮೀಟರ್ ಅಥವಾ ದಿನದ ಅಂಕಿಯ ಜೊತೆ ಬಂದು ಸ್ವಲ್ಪ ಹೊತ್ತಿಗೆ ಹೋಗುತ್ತದೆ, ಗಾಡಿ ಓಡುವುದರಲ್ಲಿ ಏನೂ ವ್ಯತ್ಯಾಸ ಇರುವುದಿಲ್ಲ. ದೋಷದ ಸ್ಪ್ಯಾನರ್ ಇಂಜಿನ್ ಓಡುತ್ತಿರುವಾಗಲೇ ಹತ್ತಿ ಅಲ್ಲೇ ಉಳಿಯುತ್ತದೆ, ಅಂಕಿ ತೋರಿಸುವುದಿಲ್ಲ. ಇನ್ನೂ ಅನುಮಾನವಾದರೆ ಸ್ಕ್ಯಾನರ್ ಹಾಕಿ. ಸರ್ವೀಸ್ ನೆನಪಿಗೆ ಯಾವ ಕೋಡೂ ಇರುವುದಿಲ್ಲ, ಕ್ಯಾಲೆಂಡರಿನಲ್ಲಿ ದೋಷ ಎಲ್ಲಿಂದ ಬರಬೇಕು? ಥ್ರಾಟಲ್ ದೋಷವಾದರೆ `P2111`, `P2112`, `P2135` ಥರದ ಕೋಡ್ ಸಿಗುತ್ತದೆ. ಒಂದು ಎಚ್ಚರ ಮಾತ್ರ ಇರಲಿ. ಬ್ಲೂಟೂತಿನ ಅಗ್ಗದ ಸ್ಕ್ಯಾನರ್ ಹೊಗೆಗೆ ಸಂಬಂಧಪಟ್ಟ ಸಾಮಾನ್ಯ ಕೋಡುಗಳನ್ನು ಓದುತ್ತದೆ. ಕಂಪನಿಯ ಸ್ವಂತ ಕೋಡುಗಳು, ಅದರಲ್ಲೂ ಗೇರ್‌ಬಾಕ್ಸಿನವು, ಅದಕ್ಕೆ ಕಾಣದೇ ಹೋಗಬಹುದು. ಗಾಡಿ ಕುಂಟುತ್ತಿದ್ದು ಅಗ್ಗದ ಸ್ಕ್ಯಾನರ್ ಏನೂ ಇಲ್ಲ ಅಂದರೆ ನಂಬಬೇಡಿ.

ಭಾವ ಶಿವಮೊಗ್ಗ ಮುಗಿಸಿ ವಾಪಸ್ ಬಂದಾಗ ಮೀಟರು 51,070. ಇಂಜಿನ್ ಲೈಟು ಹೋಗಿತ್ತು, ಸ್ಪ್ಯಾನರ್ ಇತ್ತು. "ಎರಡು ಗಂಟೆ ರಿಪೇರಿ ಮಾಡಿದ್ರೂ ಇದೊಂದು ಹೋಗಿಲ್ವಲ್ಲೋ" ಅಂತ ಗೊಣಗಿದರು. ಹೋಗುವುದಿಲ್ಲ. ಸ್ಕ್ಯಾನರಿನಲ್ಲಿ ಕೋಡ್ ಅಳಿಸಿದ್ದಕ್ಕೂ ಮೀಟರ್ ಬೋರ್ಡಿನ ಲೆಕ್ಕಕ್ಕೂ ಸಂಬಂಧವೇ ಇಲ್ಲ. ಅವರ ಗಾಡಿಯಲ್ಲಿ ಸೆಟ್ಟಿಂಗಿಗೆ ಹೋಗಿ ಸರ್ವೀಸ್ ಅನ್ನುವಲ್ಲಿ ಬಟನ್ ಒತ್ತಿ ಹಿಡಿದರೆ ರೀಸೆಟ್ ಆಗುತ್ತದೆ. ಕೆಲವು ಗಾಡಿಗಳಲ್ಲಿ ಟ್ರಿಪ್ ಬಟನ್ ಒತ್ತಿಕೊಂಡೇ ಕೀ ತಿರುಗಿಸಬೇಕು. ಅರ್ಧ ನಿಮಿಷದ ಕೆಲಸ, ಸ್ಪ್ಯಾನರ್ ಹೋಯಿತು.

ಹೋದಮೇಲೆ ಪರದೆಯಲ್ಲಿ 10,000 ಅಂತ ಬಂತು. ಅಂದರೆ ಗಾಡಿ ಇನ್ನು ನೆನಪು ಮಾಡುವುದು 61,070ರ ಲೆಕ್ಕಕ್ಕೆ. ಆಯಿಲ್ ಹಾಕಿದ್ದು 48,600ರಲ್ಲಿ. ಗಾಡಿಯ ಮಾತು ಕೇಳಿದರೆ ಈ ಸಲ 2,470 ಕಿ.ಮೀ. ತಡವಾಗುತ್ತದೆ. ಅದಕ್ಕೆ ಅಂಗಡಿಯಿಂದ ಒಂದು ಸ್ಟಿಕರ್ ತಂದು, ಮಾರ್ಕರಿನಲ್ಲಿ 58,600 ಅಂತ ದಪ್ಪಗೆ ಬರೆದು ಡ್ರೈವರ್ ಬಾಗಿಲಿನ ಒಳಗಡೆ ಅಂಟಿಸಿದೆ.